ಸಮುದ್ರದಡಿಯ ಎರಡನೇ ದಾಳಿ: ಅಣು ಜಲಾಂತರ್ಗಾಮಿಗಳ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮ ಅಣು ಜಲಾಂತರ್ಗಾಮಿಗಳಾದ ಐಎನ್ಎಸ್ ಅರಿಹಂತ್ ಅಥವಾ ಐಎನ್ಎಸ್ ಅರಿಘಾತ್ ಸುದ್ದಿಯಾದಾಗಲೆಲ್ಲ "ಭಾರತದ ಎರಡನೇ ದಾಳಿಯ ಸಾಮರ್ಥ್ಯ ಪೂರ್ಣಗೊಂಡಿತು" ಎಂಬ ಮಾತು ಪತ್ರಿಕೆಗಳಲ್ಲಿ ಬರುತ್ತದೆ. ಆ ಮಾತಿನಲ್ಲಿ ಎಷ್ಟು ನಿಜವಿದೆ, ಎಲ್ಲಿ ಇನ್ನೂ ಕೊರತೆಯಿದೆ ಎಂಬುದನ್ನು ಬಿಡಿಸಿ ಹೇಳುವ ಪ್ರಯತ್ನ ಇಲ್ಲಿದೆ. ಉದಾಹರಣೆಗಳು ಹೆಚ್ಚಾಗಿ ಭಾರತದವೇ. ಅಗತ್ಯ ಬಿದ್ದಲ್ಲಿ ಬ್ರಿಟನ್ ಮತ್ತು ಹಳೆಯ ಸೋವಿಯತ್ ನೌಕಾಪಡೆಯ ಅನುಭವವನ್ನೂ ತೆಗೆದುಕೊಂಡಿದ್ದೇನೆ.

ಎರಡನೇ ದಾಳಿ ಎಂದರೆ ಏನು?

ಶತ್ರು ಮೊದಲು ಅಣ್ವಸ್ತ್ರ ಪ್ರಯೋಗಿಸಿ ನಮ್ಮ ವಾಯುನೆಲೆಗಳನ್ನು, ಕ್ಷಿಪಣಿ ನೆಲೆಗಳನ್ನು, ಪ್ರಾಯಶಃ ರಾಜಧಾನಿಯನ್ನೂ ನಾಶ ಮಾಡಿದ ಮೇಲೆ, ಅಳಿದುಳಿದ ಅಸ್ತ್ರಗಳಿಂದ ಅವನಿಗೆ ಸಹಿಸಲಾಗದಷ್ಟು ಹಾನಿ ಮಾಡುವ ಶಕ್ತಿಯೇ ಎರಡನೇ ದಾಳಿಯ ಸಾಮರ್ಥ್ಯ. ನಮ್ಮ ಬಳಿ ಒಟ್ಟು ಎಷ್ಟು ಸಿಡಿತಲೆಗಳಿವೆ ಎನ್ನುವುದು ಇಲ್ಲಿ ಮುಖ್ಯವಲ್ಲ. ಪೆಟ್ಟು ತಿಂದ ನಂತರ ಎಷ್ಟು ಉಳಿಯುತ್ತವೆ ಎನ್ನುವುದು ಮುಖ್ಯ.

ಭಾರತಕ್ಕೆ ಈ ಪ್ರಶ್ನೆ ಬೇರೆ ದೇಶಗಳಿಗಿಂತ ಹೆಚ್ಚು ಬಿಗಿಯಾಗಿದೆ. 2003ರ ಜನವರಿ 4ರಂದು ಸಂಪುಟದ ಭದ್ರತಾ ಸಮಿತಿ ಪ್ರಕಟಿಸಿದ ನೀತಿಯ ಪ್ರಕಾರ ನಾವು ಅಣ್ವಸ್ತ್ರವನ್ನು ಮೊದಲು ಬಳಸುವುದಿಲ್ಲ, ಆದರೆ ನಮ್ಮ ಮೇಲೆ ಬಳಸಿದರೆ ಭಾರೀ ಪ್ರಮಾಣದ ಪ್ರತೀಕಾರ ಖಚಿತ. ಮೊದಲ ಪೆಟ್ಟನ್ನು ತಿನ್ನುತ್ತೇವೆ ಎಂದು ಮುಂಚೆಯೇ ಹೇಳಿಕೊಂಡ ದೇಶದ ಅಸ್ತ್ರಗಳು ಆ ಪೆಟ್ಟಿನ ನಂತರವೂ ಉಳಿಯಲೇಬೇಕು. ಇಲ್ಲವಾದರೆ ನೀತಿ ಕಾಗದದ ಮೇಲಷ್ಟೇ ಇರುತ್ತದೆ.

ಅಗ್ನಿ ಕ್ಷಿಪಣಿಗಳಿವೆಯಲ್ಲ, ಅವು ಸಾಲವೇ?

ಅಗ್ನಿ ಕ್ಷಿಪಣಿಗಳನ್ನು ಲಾರಿ ಮತ್ತು ರೈಲುಗಳ ಮೇಲೆ ಸಾಗಿಸಬಹುದು, ಆದ್ದರಿಂದ ಅವು ಸುಲಭದ ಗುರಿಗಳೇನೂ ಅಲ್ಲ. ಆದರೆ ಅವು ಓಡಾಡುವುದು ರಸ್ತೆ ಮತ್ತು ಹಳಿಗಳ ಮೇಲೆ, ತಂಗುವುದು ನೆಲೆಗಳಲ್ಲಿ. ಉಪಗ್ರಹಗಳ ಸಂಖ್ಯೆ ಹೆಚ್ಚಿದಷ್ಟೂ ಅವುಗಳ ಜಾಡು ಹಿಡಿಯುವ ಕೆಲಸ ಸುಲಭವಾಗುತ್ತದೆ. ವಿಮಾನಗಳ ಸ್ಥಿತಿ ಇನ್ನೂ ಕಷ್ಟದ್ದು, ಏಕೆಂದರೆ ಓಡುದಾರಿಯ ಅಕ್ಷಾಂಶ ರೇಖಾಂಶ ಎಲ್ಲರಿಗೂ ಗೊತ್ತು.

ಇನ್ನೊಂದು ತೊಂದರೆ ಅವಸರದ್ದು. ನೆಲದ ಮೇಲಿನ ಅಸ್ತ್ರಗಳು ನಾಶವಾಗಿಬಿಡುತ್ತವೆ ಎಂಬ ಭಯ ಇರುವ ನಾಯಕರು, ಕ್ಷಿಪಣಿಗಳು ಬರುತ್ತಿವೆ ಎಂಬ ಮುನ್ಸೂಚನೆ ಸಿಕ್ಕ ಕೆಲವೇ ನಿಮಿಷಗಳಲ್ಲಿ ತೀರ್ಮಾನ ಮಾಡಬೇಕಾಗುತ್ತದೆ. ಆ ಮುನ್ಸೂಚನೆ ಸುಳ್ಳೂ ಆಗಿರಬಹುದು. ಸಮುದ್ರದಲ್ಲಿ ಅಡಗಿರುವ ಅಸ್ತ್ರಕ್ಕೆ ಆ ಅವಸರವಿಲ್ಲ. ನಾಳೆ ಉತ್ತರ ಕೊಟ್ಟರೂ ನಡೆಯುತ್ತದೆ, ವಾರ ಬಿಟ್ಟು ಕೊಟ್ಟರೂ ನಡೆಯುತ್ತದೆ. ಜಲಾಂತರ್ಗಾಮಿಯ ಅತಿ ದೊಡ್ಡ ಗುಣ ಇದೇ ಎಂದು ನನ್ನ ನಂಬಿಕೆ.

ಸಮುದ್ರದಲ್ಲಿ ಅಡಗುವುದು ನಿಜಕ್ಕೂ ಅಷ್ಟು ಸುಲಭವೇ? ಲೆಕ್ಕ ಹಾಕಿ ತೋರಿಸಬಹುದೇ?

ತೋರಿಸಬಹುದು. ವಿಶಾಖಪಟ್ಟಣದಿಂದ ಹೊರಟ ನೌಕೆಯೊಂದು ನೀರಿನಲ್ಲಿ ಮುಳುಗಿ, ಸದ್ದಾಗದಂತೆ 5 ನಾಟ್ ವೇಗದಲ್ಲಿ, ಅಂದರೆ ಗಂಟೆಗೆ ಸುಮಾರು 9 ಕಿಲೋಮೀಟರು ವೇಗದಲ್ಲಿ ಸಾಗುತ್ತಿದೆ ಎಂದುಕೊಳ್ಳಿ. ಇದು ಸೈಕಲ್ ಸವಾರನ ವೇಗಕ್ಕಿಂತಲೂ ಕಡಿಮೆ. ಆದರೂ 24 ಗಂಟೆಯಲ್ಲಿ ಅದು ಸುಮಾರು 220 ಕಿಲೋಮೀಟರು ದೂರ ಹೋಗಬಲ್ಲದು. ಯಾವ ದಿಕ್ಕಿಗೆ ಹೋಯಿತು ಎಂದು ಶತ್ರುವಿಗೆ ಗೊತ್ತಿಲ್ಲ. ಹಾಗಾಗಿ ಬಂದರಿನ ಮುಂದೆ ಅಷ್ಟು ತ್ರಿಜ್ಯದ ಅರ್ಧ ವೃತ್ತವನ್ನೆಲ್ಲ ಅವನು ಹುಡುಕಬೇಕು. ಅದು ಸುಮಾರು 77 ಸಾವಿರ ಚದರ ಕಿಲೋಮೀಟರು.

ದಿನ ಎರಡಾದರೆ ದೂರ ಎರಡರಷ್ಟು, ಹುಡುಕಬೇಕಾದ ಜಾಗ ನಾಲ್ಕರಷ್ಟು. ಎರಡನೆಯ ದಿನದ ಕೊನೆಗೆ ಅದು 3 ಲಕ್ಷ ಚದರ ಕಿಲೋಮೀಟರು ದಾಟಿರುತ್ತದೆ. ಇಡೀ ಕರ್ನಾಟಕದ ವಿಸ್ತೀರ್ಣ 1.92 ಲಕ್ಷ ಚದರ ಕಿಲೋಮೀಟರು. ಐದನೆಯ ದಿನಕ್ಕೆ ಲೆಕ್ಕ 19 ಲಕ್ಷ ಮುಟ್ಟುತ್ತದೆ. ಅಂದರೆ ಬಂಗಾಳ ಕೊಲ್ಲಿಯ ಬಹುಭಾಗವನ್ನು ಜಾಲಾಡಬೇಕು, ಅದೂ ನೂರಾರು ಮೀಟರು ಆಳದವರೆಗೆ.

ಜಾಲಾಡುವ ಸಾಧನವೆಂದರೆ ಮುಖ್ಯವಾಗಿ ಶಬ್ದ. ರೇಡಾರ್ ಅಲೆಗಳು ಉಪ್ಪುನೀರಿನಲ್ಲಿ ಇಳಿಯುವುದಿಲ್ಲ, ಬೆಳಕೂ ಹೆಚ್ಚು ದೂರ ಹೋಗುವುದಿಲ್ಲ. ಉಳಿದದ್ದು ಸೋನಾರ್. ಅದಕ್ಕೂ ಬಂಗಾಳ ಕೊಲ್ಲಿ ಕಷ್ಟದ ಜಾಗ. ಗಂಗಾ, ಬ್ರಹ್ಮಪುತ್ರ ಮೊದಲಾದ ನದಿಗಳು ಸುರಿಯುವ ಸಿಹಿನೀರು ಉಪ್ಪುನೀರಿಗಿಂತ ಹಗುರ. ಅದು ಮೇಲ್ಪದರವಾಗಿ ನಿಲ್ಲುತ್ತದೆ. ಉಪ್ಪಿನಂಶ ಮತ್ತು ಉಷ್ಣತೆ ಬದಲಾದ ಕಡೆ ಶಬ್ದದ ವೇಗವೂ ಬದಲಾಗಿ, ಅಲೆ ಬಾಗಿಬಿಡುತ್ತದೆ. ಹೀಗಾಗಿ ಮೇಲಿನ ಹಡಗಿನ ಸೋನಾರ್‌ಗೆ ಕೇಳಿಸದ ನೆರಳಿನ ಪ್ರದೇಶಗಳು ಉಂಟಾಗುತ್ತವೆ. ಜಲಾಂತರ್ಗಾಮಿಯ ಕಮಾಂಡರ್ ಹುಡುಕುವುದು ಇಂಥ ನೆರಳುಗಳನ್ನೇ.

ಇದು ಎಷ್ಟರ ಮಟ್ಟಿಗೆ ಕೆಲಸ ಮಾಡುತ್ತದೆ ಎಂಬುದಕ್ಕೆ 2009ರ ಫೆಬ್ರುವರಿಯ ಘಟನೆಯೊಂದು ಸಾಕ್ಷಿ. ಅಟ್ಲಾಂಟಿಕ್ ಸಾಗರದಲ್ಲಿ ಬ್ರಿಟನ್ನಿನ ಎಚ್ಎಂಎಸ್ ವ್ಯಾನ್ಗಾರ್ಡ್ ಮತ್ತು ಫ್ರಾನ್ಸಿನ ಲ ತ್ರಿಯೋಂಫಾಂ ಎಂಬ ಎರಡು ಬ್ಯಾಲಿಸ್ಟಿಕ್ ಕ್ಷಿಪಣಿ ಜಲಾಂತರ್ಗಾಮಿಗಳು ನೀರಿನಡಿಯಲ್ಲಿ ಒಂದಕ್ಕೊಂದು ಡಿಕ್ಕಿ ಹೊಡೆದವು. ಎರಡೂ ಮಿತ್ರ ದೇಶಗಳು, ಎರಡರಲ್ಲೂ ಅತ್ಯುತ್ತಮ ಸೋನಾರ್. ಆದರೂ ಮೈಗೆ ಮೈ ತಾಗುವವರೆಗೆ ಒಂದರ ಇರವು ಇನ್ನೊಂದಕ್ಕೆ ತಿಳಿಯಲಿಲ್ಲ. ನೀರಿನಲ್ಲಿ ಮುಳುಗಿದ್ದ ಯಾವುದೋ ಕಂಟೇನರ್ ತಾಗಿರಬೇಕು ಎಂದು ಫ್ರೆಂಚರು ಮೊದಲಿಗೆ ಹೇಳಿಕೆ ಕೊಟ್ಟಿದ್ದರು.

ಇದಕ್ಕೆ ಅಣುಶಕ್ತಿಯೇ ಏಕೆ ಬೇಕು? ಡೀಸೆಲ್ ಜಲಾಂತರ್ಗಾಮಿ ಸಾಲದೇ?

ಡೀಸೆಲ್ ಎಂಜಿನ್ನಿಗೆ ಗಾಳಿ ಬೇಕು. ನೀರಿನಡಿಯಲ್ಲಿ ನೌಕೆ ಬ್ಯಾಟರಿಯಿಂದ ಓಡುತ್ತದೆ. ಬ್ಯಾಟರಿ ಇಳಿದಾಗ ಮೇಲ್ಮೈ ಹತ್ತಿರ ಬಂದು, ಗಾಳಿಯ ಕೊಳವೆಯನ್ನು ನೀರಿನ ಮೇಲೆ ಚಾಚಿ, ಎಂಜಿನ್ ಓಡಿಸಿ ಮತ್ತೆ ತುಂಬಿಸಿಕೊಳ್ಳಬೇಕು. ಆ ಹೊತ್ತಿನಲ್ಲಿ ಎಂಜಿನ್ನಿನ ಸದ್ದು, ಹೊಗೆ, ರೇಡಾರಿಗೆ ಸಿಗುವ ಕೊಳವೆ ಎಲ್ಲವೂ ಸುಳಿವುಗಳೇ. ಹೊರಗಿನ ಗಾಳಿ ಬೇಡದ ಹೊಸ ವ್ಯವಸ್ಥೆಗಳು ಮೇಲೇಳದೆ ಇರಬಲ್ಲ ಅವಧಿಯನ್ನು ಒಂದೆರಡು ವಾರಗಳಿಗೆ ವಿಸ್ತರಿಸಿವೆ, ಆದರೆ ನಿಧಾನವಾಗಿ ತೆವಳಿದರೆ ಮಾತ್ರ.

1962ರ ಕ್ಯೂಬಾ ಬಿಕ್ಕಟ್ಟಿನಲ್ಲಿ ಬಿ-59 ಎಂಬ ಸೋವಿಯತ್ ಡೀಸೆಲ್ ಜಲಾಂತರ್ಗಾಮಿಗೆ ಆದದ್ದನ್ನು ನೋಡಿ. ಉತ್ತರದ ತಣ್ಣನೆಯ ಸಮುದ್ರಗಳಿಗೆಂದು ಕಟ್ಟಿದ ನೌಕೆ ಬೆಚ್ಚನೆಯ ನೀರಿಗೆ ಬಂದಿತ್ತು. ಅಮೆರಿಕದ ಯುದ್ಧನೌಕೆಗಳು ಮೇಲೆ ಸುತ್ತುವರಿದಿದ್ದರಿಂದ ಬ್ಯಾಟರಿ ತುಂಬಿಸಲು ಮೇಲೇಳುವಂತಿರಲಿಲ್ಲ. ಒಳಗೆ ಉಷ್ಣತೆ 45 ಡಿಗ್ರಿ ದಾಟಿತು, ಇಂಗಾಲದ ಡೈಆಕ್ಸೈಡ್ ಹೆಚ್ಚಿತು, ಸಿಬ್ಬಂದಿ ಮೂರ್ಛೆ ಹೋಗತೊಡಗಿದರು. ಅಕ್ಟೋಬರ್ 27ರಂದು ಮೇಲಿನಿಂದ ಅಭ್ಯಾಸದ ಸಿಡಿಗುಂಡುಗಳು ಬೀಳುತ್ತಿದ್ದಾಗ, ಮಾಸ್ಕೋದ ಸಂಪರ್ಕವೂ ಇಲ್ಲದ ಕಮಾಂಡರ್ ಸವಿತ್‌ಸ್ಕಿ ತನ್ನಲ್ಲಿದ್ದ ಅಣ್ವಸ್ತ್ರ ಟಾರ್ಪಿಡೊ ಬಳಸುವ ಯೋಚನೆಗೆ ಬಂದ. ನೌಕೆಯಲ್ಲಿದ್ದ ಇನ್ನೊಬ್ಬ ಹಿರಿಯ ಅಧಿಕಾರಿ ವಸಿಲಿ ಅರ್ಖಿಪೋವ್ ಒಪ್ಪಲಿಲ್ಲ. ಕೊನೆಗೆ ಬ್ಯಾಟರಿ ಮುಗಿದ ನೌಕೆ ಅಮೆರಿಕನ್ನರ ಕಣ್ಣೆದುರೇ ಮೇಲೆದ್ದಿತು. ಗಾಳಿಗಾಗಿ ಮೇಲೇಳಲೇಬೇಕಾದ ನೌಕೆಯ ಮೇಲೆ ಒಂದು ದೇಶದ ಕೊನೆಯ ಅಸ್ತ್ರವನ್ನು ಇಡುವುದು ಎಷ್ಟು ಅಪಾಯ ಎಂಬುದಕ್ಕೆ ಇದಕ್ಕಿಂತ ಹೆಚ್ಚಿನ ಉದಾಹರಣೆ ಬೇಕಿಲ್ಲ.

ರಿಯಾಕ್ಟರಿಗೆ ಗಾಳಿ ಬೇಡ. ಅದು ಕೊಡುವ ವಿದ್ಯುತ್ತಿನಿಂದಲೇ ಸಮುದ್ರದ ನೀರನ್ನು ಶುದ್ಧೀಕರಿಸಿ ಕುಡಿಯಬಹುದು, ನೀರನ್ನು ವಿಭಜಿಸಿ ಉಸಿರಾಟಕ್ಕೆ ಆಮ್ಲಜನಕ ಪಡೆಯಬಹುದು. ಉಳಿಯುವ ಮಿತಿ ಎಂದರೆ ಉಗ್ರಾಣದಲ್ಲಿರುವ ಆಹಾರ ಮತ್ತು ಮನುಷ್ಯರ ಸಹನೆ. ಅರಿಹಂತ್‌ನಲ್ಲಿರುವುದು 83 ಮೆಗಾವ್ಯಾಟ್ ಸಾಮರ್ಥ್ಯದ ರಿಯಾಕ್ಟರ್. ಅದರ ಭೂಮಾದರಿಯನ್ನು ತಮಿಳುನಾಡಿನ ಕಲ್ಪಾಕ್ಕಂನಲ್ಲಿ ಕಟ್ಟಿ ಪರೀಕ್ಷಿಸಿದರು. ಇಂಧನಕ್ಕೆ ಬೇಕಾದ ಸಂವರ್ಧಿತ ಯುರೇನಿಯಂ ತಯಾರಾಗುವುದು ನಮ್ಮ ಮೈಸೂರಿನ ಪಕ್ಕದ ರಟ್ಟೆಹಳ್ಳಿಯ ಘಟಕದಲ್ಲಿ.

ಒಂದು ತಪ್ಪು ಕಲ್ಪನೆಯನ್ನು ಇಲ್ಲೇ ತಿದ್ದಬೇಕು. ಅಣುಶಕ್ತಿಯ ನೌಕೆ ಡೀಸೆಲ್ ನೌಕೆಗಿಂತ ನಿಶ್ಶಬ್ದ ಎಂದೇನಿಲ್ಲ. ಬ್ಯಾಟರಿಯ ಮೇಲೆ ಓಡುವ ಡೀಸೆಲ್ ನೌಕೆಯಲ್ಲಿ ತಿರುಗುವ ಯಂತ್ರಗಳು ಕಡಿಮೆ. ರಿಯಾಕ್ಟರ್ ಇರುವಲ್ಲಿ ತಂಪುಗೊಳಿಸುವ ಪಂಪುಗಳು, ಟರ್ಬೈನು, ಗೇರುಗಳು ಸದಾ ಸದ್ದು ಮಾಡುತ್ತಿರುತ್ತವೆ. ಆ ಸದ್ದನ್ನು ಹೊರಕವಚಕ್ಕೆ ದಾಟದಂತೆ ತಡೆಯುವುದು ದಶಕಗಳ ಪರಿಶ್ರಮದ ಕೆಲಸ.

ಎಲ್ಲ ಅಣು ಜಲಾಂತರ್ಗಾಮಿಗಳೂ ಒಂದೇ ಬಗೆಯವೇ?

ಅಲ್ಲ. ಅರಿಹಂತ್, ಅರಿಘಾತ್ ಬ್ಯಾಲಿಸ್ಟಿಕ್ ಕ್ಷಿಪಣಿ ಹೊತ್ತವು. ಅವುಗಳ ಕೆಲಸ ಅಡಗಿ ಕಾಯುವುದು. ರಷ್ಯಾದಿಂದ ಗುತ್ತಿಗೆಗೆ ತಂದು 2012ರಿಂದ 2021ರವರೆಗೆ ನಡೆಸಿದ ಐಎನ್ಎಸ್ ಚಕ್ರ ದಾಳಿ ಜಲಾಂತರ್ಗಾಮಿ. ಅದರ ಕೆಲಸ ಬೇಟೆಯಾಡುವುದು: ಶತ್ರುವಿನ ಹಡಗು ಮತ್ತು ಜಲಾಂತರ್ಗಾಮಿಗಳನ್ನು ಹಿಂಬಾಲಿಸುವುದು, ನಮ್ಮ ಕ್ಷಿಪಣಿ ನೌಕೆ ಬಂದರಿನಿಂದ ಹೊರಡುವಾಗ ಬೆನ್ನು ಹತ್ತಿದವರನ್ನು ಓಡಿಸುವುದು. ಎರಡನೇ ದಾಳಿಯ ಅಸ್ತ್ರ ಮೊದಲನೆಯದರಲ್ಲಿದೆ. ಅದನ್ನು ಕಾಯುವ ಕೆಲಸ ಎರಡನೆಯದರದ್ದು.

ಅರಿಹಂತ್ ಇದೆ ಎಂದ ಮೇಲೆ ಭಾರತದ ಎರಡನೇ ದಾಳಿ ಖಾತರಿಯಾದಂತೆಯೇ?

ಯಾರ ವಿರುದ್ಧ ಎಂಬುದರ ಮೇಲೆ ಉತ್ತರ ನಿಂತಿದೆ. ಅರಿಹಂತ್‌ನಲ್ಲಿ ನಾಲ್ಕು ಉಡಾವಣಾ ಕೊಳವೆಗಳಿವೆ. ಅವುಗಳಲ್ಲಿ 750 ಕಿಲೋಮೀಟರು ವ್ಯಾಪ್ತಿಯ 12 ಕೆ-15 ಕ್ಷಿಪಣಿಗಳನ್ನು, ಇಲ್ಲವೇ 3,500 ಕಿಲೋಮೀಟರು ವ್ಯಾಪ್ತಿಯ 4 ಕೆ-4 ಕ್ಷಿಪಣಿಗಳನ್ನು ಇಡಬಹುದು. ಶತ್ರು ಅಣ್ವಸ್ತ್ರ ಬಳಸದಂತೆ ತಡೆಯುವ ಉದ್ದೇಶದ ತನ್ನ ಮೊದಲ ಪ್ರತಿರೋಧ ಗಸ್ತನ್ನು ನೌಕೆ ಮುಗಿಸಿದೆ ಎಂದು 2018ರ ನವೆಂಬರ್ 5ರಂದು ಸರ್ಕಾರ ಪ್ರಕಟಿಸಿತು.

ಈಗ ಭೂಪಟ ತೆಗೆದುಕೊಳ್ಳಿ. ಬೀಜಿಂಗ್‌ಗೆ ವಿಶಾಖಪಟ್ಟಣದಿಂದ ಸುಮಾರು 4,000 ಕಿಲೋಮೀಟರು. 750 ಕಿಲೋಮೀಟರಿನ ಕೆ-15 ಅಲ್ಲಿಗೆ ಹೋಗುವ ಮಾತೇ ಇಲ್ಲ. ಪಾಕಿಸ್ತಾನದ ಮಟ್ಟಿಗೂ ಅರಬ್ಬಿ ಸಮುದ್ರದಿಂದ ಕರಾಚಿ ಸಿಗುತ್ತದೆ, ಇಸ್ಲಾಮಾಬಾದ್ ಸಿಗುವುದಿಲ್ಲ. ಅದೂ ನೌಕೆ ಎದುರಾಳಿಯ ಕರಾವಳಿಯ ಹತ್ತಿರ, ಅವನ ಗಸ್ತು ವಿಮಾನಗಳ ಕೆಳಗೆ ನಿಂತರೆ ಮಾತ್ರ. ಅಡಗಲೆಂದು ಕಟ್ಟಿದ ನೌಕೆ ಶತ್ರುವಿನ ಅಂಗಳಕ್ಕೆ ಹೋಗಬೇಕಾದರೆ ಅಡಗುವುದರ ಲಾಭವೇ ಹೋಗುತ್ತದೆ.

ಕೆ-4 ಬಂದರೆ ಚಿತ್ರ ಬದಲಾಗುತ್ತದೆ, ಆದರೆ ಪೂರ್ತಿಯಾಗಿ ಅಲ್ಲ. ಬಂಗಾಳ ಕೊಲ್ಲಿಯ ಉತ್ತರದಲ್ಲಿ, 20 ಡಿಗ್ರಿ ಅಕ್ಷಾಂಶದ ಹತ್ತಿರ ನಿಂತರೆ ಬೀಜಿಂಗ್ ಸುಮಾರು 3,350 ಕಿಲೋಮೀಟರು, ಕ್ಷಿಪಣಿ ತಲುಪುತ್ತದೆ. 15 ಡಿಗ್ರಿಗೆ ಇಳಿದರೆ ದೂರ 3,700 ದಾಟುತ್ತದೆ, ತಲುಪುವುದಿಲ್ಲ. ಅಂದರೆ ಈ ನಗರವನ್ನು ಗುರಿಯಾಗಿಟ್ಟುಕೊಂಡರೆ, ಇಡೀ ಕೊಲ್ಲಿಯಲ್ಲಿ ನೌಕೆಗೆ ದಕ್ಕುವುದು ಉತ್ತರದ ಮೂಲೆ ಮಾತ್ರ. ಹುಡುಕುವವನಿಗೂ ಅದೇ ಮೂಲೆ ಸಾಕು. 5,000 ಕಿಲೋಮೀಟರು ಹೋಗುವ ಕ್ಷಿಪಣಿಯಾದರೆ ಭೂಮಧ್ಯರೇಖೆಯ ಹತ್ತಿರದಿಂದಲೂ ಅದೇ ಗುರಿ ಸಿಗುತ್ತದೆ.

ಕ್ಷಿಪಣಿಯ ವ್ಯಾಪ್ತಿ ಎಂದರೆ ಎಷ್ಟು ದೂರ ಹೊಡೆಯಬಹುದು ಎಂದು ನಾವು ಓದುತ್ತೇವೆ. ನೌಕಾಪಡೆಯವರು ಅದನ್ನು ಎಷ್ಟು ನೀರಿನಲ್ಲಿ ಅಡಗಬಹುದು ಎಂದು ಓದುತ್ತಾರೆ. 2024ರ ಆಗಸ್ಟ್ 29ರಂದು ಸೇವೆಗೆ ಸೇರಿದ ಅರಿಘಾತ್‌ನಿಂದ ಅದೇ ವರ್ಷ ನವೆಂಬರಿನಲ್ಲಿ ಕೆ-4 ಪರೀಕ್ಷೆ ನಡೆದದ್ದು ಈ ಕಾರಣಕ್ಕೆ ದೊಡ್ಡ ಸುದ್ದಿ.

ನೀರಿನಡಿಯಲ್ಲಿರುವ ನೌಕೆಗೆ ಆದೇಶ ತಲುಪುವುದು ಹೇಗೆ?

ಖಾತರಿಯ ಅತ್ಯಂತ ಸೂಕ್ಷ್ಮ ಭಾಗ ಇದು. ಸಾಮಾನ್ಯ ರೇಡಿಯೋ ಅಲೆಗಳನ್ನು ಸಮುದ್ರದ ನೀರು ಹೀರಿಬಿಡುತ್ತದೆ. ಆವರ್ತನ ಕಡಿಮೆಯಾದಷ್ಟೂ ಅಲೆ ಆಳಕ್ಕೆ ಇಳಿಯುತ್ತದೆ. ಅತಿ ಕಡಿಮೆ ಆವರ್ತನದ, ಅಂದರೆ ಕೆಲವೇ ಕಿಲೋಹರ್ಟ್ಸ್‌ನಿಂದ 30 ಕಿಲೋಹರ್ಟ್ಸ್ ವರೆಗಿನ ಅಲೆಗಳು ಹತ್ತಿಪ್ಪತ್ತು ಮೀಟರು ಆಳಕ್ಕೆ ಹೋಗಬಲ್ಲವು. ಇವುಗಳ ಅಲೆಯುದ್ದ ಹತ್ತಾರು ಕಿಲೋಮೀಟರು, ಆದ್ದರಿಂದ ಪ್ರಸಾರಕ್ಕೆ ಬಹಳ ಎತ್ತರದ ಗೋಪುರಗಳೂ ವಿಶಾಲ ಜಾಗವೂ ಬೇಕು. ಭಾರತಕ್ಕೆ ಇಂಥ ಕೇಂದ್ರ ತಮಿಳುನಾಡಿನ ತಿರುನೆಲ್ವೇಲಿ ಬಳಿಯ ಐಎನ್ಎಸ್ ಕಟ್ಟಬೊಮ್ಮನ್‌ನಲ್ಲಿದೆ. ಇನ್ನೊಂದಕ್ಕೆ ತೆಲಂಗಾಣದ ವಿಕಾರಾಬಾದ್‌ನಲ್ಲಿ 2024ರ ಅಕ್ಟೋಬರಿನಲ್ಲಿ ಶಂಕುಸ್ಥಾಪನೆಯಾಯಿತು.

ಆಳದಲ್ಲಿರುವ ನೌಕೆ ತನ್ನ ಹಿಂದೆ ಉದ್ದನೆಯ ತಂತಿಯನ್ನು ತೇಲಿಬಿಟ್ಟು, ಅದು ಮೇಲ್ಮೈ ಹತ್ತಿರ ಹಿಡಿದ ಸಂದೇಶವನ್ನು ಕೇಳುತ್ತದೆ. ಕೇಳಬಹುದು ಅಷ್ಟೇ, ಉತ್ತರ ಕೊಡುವುದಿಲ್ಲ. ಉತ್ತರಿಸಿದರೆ ತಾನಿರುವ ಜಾಗ ಬಯಲಾಗುತ್ತದೆ. ಹಾಗಾಗಿ ಸಂದೇಶ ಮುಟ್ಟಿತೇ ಎಂದು ದೆಹಲಿಗೆ ಕೂಡಲೇ ತಿಳಿಯುವ ದಾರಿಯಿಲ್ಲ. ಒಂದೇ ಸಂದೇಶವನ್ನು ಪದೇ ಪದೇ ಪ್ರಸಾರ ಮಾಡುತ್ತಿರಬೇಕು.

ತೊಂದರೆ ನಿಮಗೂ ಹೊಳೆದಿರಬಹುದು. ನೌಕೆ ಅದೃಶ್ಯ, ಆದರೆ ಗೋಪುರ ಅದೃಶ್ಯವಲ್ಲ. ಮೊದಲ ದಾಳಿಯ ಪಟ್ಟಿಯಲ್ಲಿ ಗೋಪುರದ ಹೆಸರು ಇದ್ದೇ ಇರುತ್ತದೆ. ಅಮೆರಿಕ ಇದಕ್ಕೆ ಕಂಡುಕೊಂಡ ಪರಿಹಾರ ವಿಮಾನ: ಇ-6ಬಿ ವಿಮಾನ ಆಕಾಶದಲ್ಲಿ ಸುತ್ತುತ್ತಾ ಕಿಲೋಮೀಟರುಗಟ್ಟಲೆ ಉದ್ದದ ತಂತಿಯನ್ನು ಕೆಳಗೆ ಇಳಿಬಿಟ್ಟು ಅಲ್ಲಿಂದಲೇ ಪ್ರಸಾರ ಮಾಡುತ್ತದೆ. ಒಂದೇ ಕೇಂದ್ರವನ್ನು ನಂಬಿಕೊಂಡ ದೇಶದಲ್ಲಿ ಆ ಕೇಂದ್ರ ಹೋದ ಗಳಿಗೆಯಿಂದ ನೌಕೆಗೆ ಕಿವಿ ಕೇಳಿಸುವುದಿಲ್ಲ. ಎರಡನೆಯ ಕೇಂದ್ರದ ಮಹತ್ವ ಇದೇ.

ಆದೇಶ ಕೊಡುವವರೇ ಉಳಿಯದಿದ್ದರೆ?

ಬ್ರಿಟನ್ನಿನಲ್ಲಿ ಹೊಸ ಪ್ರಧಾನಿ ಅಧಿಕಾರಕ್ಕೆ ಬಂದ ಕೂಡಲೇ ಮಾಡುವ ಕೆಲಸಗಳಲ್ಲಿ ಒಂದು, ನಾಲ್ಕು ಜಲಾಂತರ್ಗಾಮಿಗಳ ಕಮಾಂಡರುಗಳಿಗೆ ಸ್ವಹಸ್ತದಲ್ಲಿ ಪತ್ರ ಬರೆಯುವುದು. ದೇಶವೂ ಸರ್ಕಾರವೂ ಅಳಿದುಹೋದರೆ ಏನು ಮಾಡಬೇಕು ಎಂಬ ಸೂಚನೆ ಅದರಲ್ಲಿರುತ್ತದೆ. ಪತ್ರ ನೌಕೆಯೊಳಗಿನ ಪೆಟ್ಟಿಗೆಯಲ್ಲಿ ಭದ್ರವಾಗಿರುತ್ತದೆ. ಪ್ರಧಾನಿ ಅಧಿಕಾರ ಬಿಟ್ಟಾಗ ತೆರೆಯದೆಯೇ ನಾಶ ಮಾಡುತ್ತಾರೆ.

ಭಾರತದಲ್ಲಿ ಅಧಿಕಾರ ಪ್ರಧಾನಿ ಅಧ್ಯಕ್ಷತೆಯ ರಾಜಕೀಯ ಮಂಡಳಿಯದ್ದು ಮಾತ್ರ. ಯಾವುದೇ ಸಂದರ್ಭದಲ್ಲೂ ಪ್ರತೀಕಾರಕ್ಕೆ ಪರ್ಯಾಯ ಆದೇಶ ಸರಣಿ ಇರುತ್ತದೆ ಎಂದು 2003ರ ಪ್ರಕಟಣೆ ಹೇಳಿದೆ. ಆ ಸರಣಿಯಲ್ಲಿ ಯಾರಿದ್ದಾರೆ ಎಂಬುದು ಗುಟ್ಟು, ಗುಟ್ಟಾಗಿಯೇ ಇರಬೇಕಾದ್ದು. ಆದರೆ ನೆಲದ ಮೇಲೆ ಸಿಡಿತಲೆಯನ್ನೂ ಕ್ಷಿಪಣಿಯನ್ನೂ ಬೇರೆ ಬೇರೆ ಇಡಬಹುದು, ಸಮುದ್ರದಲ್ಲಿ ಹಾಗಾಗದು. ಗಸ್ತಿನಲ್ಲಿರುವ ನೌಕೆಯಲ್ಲಿ ಎರಡೂ ಕೂಡಿಕೊಂಡೇ ಇರಬೇಕು. ಅಸ್ತ್ರವನ್ನು ಬಿಡಿಭಾಗಗಳಾಗಿ ಇಡುವ ಸುರಕ್ಷತೆ ಇಲ್ಲಿ ಸಿಗುವುದಿಲ್ಲ, ಅದರ ಜಾಗವನ್ನು ಸಂಕೇತಗಳೂ ಬೀಗಗಳೂ ತುಂಬಬೇಕು. ಬಿ-59ರ ಕಥೆ ಓದಿದವರಿಗೆ ಈ ಬೀಗಗಳ ಬೆಲೆ ಗೊತ್ತು.

ಎಷ್ಟು ನೌಕೆಗಳು ಬೇಕು?

ಒಂದನ್ನು ಸದಾ ಸಮುದ್ರದಲ್ಲಿಡಲು ನಾಲ್ಕು ಬೇಕು ಎಂಬುದು ಬ್ರಿಟನ್ನಿನ ಅನುಭವ. ಒಂದು ಗಸ್ತಿನಲ್ಲಿ, ಒಂದು ಹೊರಡುವ ಸಿದ್ಧತೆಯಲ್ಲಿ ಅಥವಾ ಆಗಷ್ಟೇ ಮರಳಿ, ಒಂದು ತರಬೇತಿಯಲ್ಲಿ, ಒಂದು ದೊಡ್ಡ ದುರಸ್ತಿಯಲ್ಲಿ. 1969ರಿಂದ ಅವರು ಈ ಸರಪಳಿಯನ್ನು ಕಡಿಯದೆ ನಡೆಸಿಕೊಂಡು ಬಂದಿದ್ದಾರೆ. ಆದರೆ ವ್ಯಾನ್ಗಾರ್ಡ್ 2015ರ ಕೊನೆಯಲ್ಲಿ ದುರಸ್ತಿಗೆ ಹೋದದ್ದು ಏಳು ವರ್ಷ ಹೊರಬರಲಿಲ್ಲ. ಉಳಿದ ಮೂರರ ಮೇಲೆ ಹೊರೆ ಬಿತ್ತು, ಗಸ್ತುಗಳು ಐದು ತಿಂಗಳು ಮೀರಿ ಬೆಳೆದವು. ಅಷ್ಟು ದಿನ ಸೂರ್ಯನನ್ನೇ ಕಾಣದ ಸಿಬ್ಬಂದಿಯ ದಣಿವೂ ಖಾತರಿಯ ಲೆಕ್ಕದಲ್ಲಿ ಸೇರಬೇಕು.

ಎರಡೇ ನೌಕೆ ಇರುವ ದೇಶಕ್ಕೆ ವರ್ಷದ ಎಷ್ಟೋ ದಿನ ಸಮುದ್ರದಲ್ಲಿ ಒಂದೂ ಇರುವುದಿಲ್ಲ. ಬಂದರಿನಲ್ಲಿ ಕಟ್ಟಿಹಾಕಿದ ಜಲಾಂತರ್ಗಾಮಿ ವಾಯುನೆಲೆಯಲ್ಲಿ ನಿಂತ ವಿಮಾನದಷ್ಟೇ ಸುಲಭದ ಗುರಿ. ಆ ದಿನಗಳಲ್ಲಿ ಎರಡನೇ ದಾಳಿ ಖಾತರಿಯಲ್ಲ. ಬಿಕ್ಕಟ್ಟು ಬರುವ ಮುನ್ಸೂಚನೆ ಸಿಕ್ಕಿ, ನೌಕೆ ಸಮಯಕ್ಕೆ ಹೊರಟರೆ ಸಿಗಬಹುದಾದ ಭರವಸೆ ಮಾತ್ರ.

ಪಾಕಿಸ್ತಾನವೂ ತನಗೆ ಈ ಸಾಮರ್ಥ್ಯವಿದೆ ಎನ್ನುತ್ತದೆಯಲ್ಲ?

2017ರ ಜನವರಿಯಲ್ಲಿ ನೀರಿನಡಿಯಿಂದ ಬಾಬರ್-3 ಕ್ರೂಸ್ ಕ್ಷಿಪಣಿಯನ್ನು ಪರೀಕ್ಷಿಸಿದಾಗ ಹಾಗೆ ಹೇಳಿಕೊಂಡಿತು. ಅದರ ವ್ಯಾಪ್ತಿ 450 ಕಿಲೋಮೀಟರು, ಅದನ್ನು ಹೊರಬೇಕಾದದ್ದು ಡೀಸೆಲ್ ನೌಕೆ. ಮೇಲೆ ಹೇಳಿದ ಎರಡೂ ದೌರ್ಬಲ್ಯಗಳು, ಅಂದರೆ ಕಡಿಮೆ ವ್ಯಾಪ್ತಿ ಮತ್ತು ಗಾಳಿಯ ಅವಲಂಬನೆ, ಅಲ್ಲಿ ಒಟ್ಟಿಗೇ ಇವೆ. ಆದರೂ ಕಡೆಗಣಿಸುವಂತಿಲ್ಲ. ಬಿಕ್ಕಟ್ಟಿನ ಹೊತ್ತಿನಲ್ಲಿ ನಮ್ಮ ನೌಕಾಪಡೆ ಸಾಮಾನ್ಯ ಜಲಾಂತರ್ಗಾಮಿ ಎಂದುಕೊಂಡು ಬೆನ್ನಟ್ಟಿದ್ದು ಅಣ್ವಸ್ತ್ರ ಹೊತ್ತದ್ದಾಗಿದ್ದರೆ, ಅದರ ಕಮಾಂಡರ್ ಏನು ಯೋಚಿಸುತ್ತಾನೆ ಎಂಬುದು ನಮ್ಮ ಕೈಯಲ್ಲಿರುವುದಿಲ್ಲ.

ಜಲಾಂತರ್ಗಾಮಿ ಪತ್ತೆಯಾಗುವ ಸಂಭವ ಎಲ್ಲಿ ಹೆಚ್ಚು?

ನಡುಸಮುದ್ರದಲ್ಲಲ್ಲ, ಬಾಗಿಲಲ್ಲಿ. ಬಂದರಿನಿಂದ ಹೊರಡುವ ನೌಕೆ ಆಳದ ನೀರು ಸಿಗುವವರೆಗೆ ಮುಳುಗಲಾರದು, ಉಪಗ್ರಹ ಅದನ್ನು ನೋಡುತ್ತದೆ. ಹೊರಗೆ ಕಾದಿರುವ ದಾಳಿ ಜಲಾಂತರ್ಗಾಮಿಗೆ ಅಲ್ಲಿಂದಲೇ ಜಾಡು ಸಿಗುತ್ತದೆ. ಇನ್ನೊಂದು ಬಾಗಿಲು ಮನುಷ್ಯರದ್ದು. ಅಮೆರಿಕದ ನೌಕಾಪಡೆಯ ಜಾನ್ ವಾಕರ್ 1967ರ ಸುಮಾರಿನಿಂದ 1985ರಲ್ಲಿ ಸಿಕ್ಕಿಬೀಳುವವರೆಗೆ ಸಂಕೇತ ಭಾಷೆಯ ಕೀಲಿಗಳನ್ನು ಸೋವಿಯತ್ತರಿಗೆ ಮಾರಿದ. ಸಂದೇಶಗಳನ್ನು ಓದಬಲ್ಲವನಿಗೆ ಸಮುದ್ರವನ್ನು ಜಾಲಾಡುವ ಕಷ್ಟವೇ ಇಲ್ಲ.

ಕೊನೆಯ ಗಳಿಗೆಯಲ್ಲಿ ಕ್ಷಿಪಣಿಯೇ ಹಾರದಿದ್ದರೆ?

ಆಗಬಹುದು, ಆಗಿದೆ. ಅಮೆರಿಕ ಮತ್ತು ಬ್ರಿಟನ್ನಿನ ಜಲಾಂತರ್ಗಾಮಿಗಳು ಹೊರುವ ಟ್ರೈಡೆಂಟ್ ಕ್ಷಿಪಣಿ 190ಕ್ಕೂ ಹೆಚ್ಚು ಬಾರಿ ಯಶಸ್ವಿಯಾಗಿ ಹಾರಿದೆ. ಆದರೆ ಬ್ರಿಟನ್ 2016ರ ಜೂನ್‌ನಲ್ಲಿ ನಡೆಸಿದ ಪರೀಕ್ಷೆಯಲ್ಲಿ ಅದು ದಾರಿ ತಪ್ಪಿತು. 2024ರ ಜನವರಿಯಲ್ಲಿ, ಏಳು ವರ್ಷದ ದುರಸ್ತಿ ಮುಗಿಸಿ ಬಂದ ಅದೇ ವ್ಯಾನ್ಗಾರ್ಡ್‌ನಿಂದ ಹಾರಿಸಿದಾಗ, ರಕ್ಷಣಾ ಸಚಿವರು ನೌಕೆಯಲ್ಲೇ ಇದ್ದರು, ಕ್ಷಿಪಣಿ ಹತ್ತಿರದಲ್ಲೇ ಸಮುದ್ರಕ್ಕೆ ಬಿತ್ತು. ಹೀಗಿದ್ದೂ ಬ್ರಿಟನ್ನಿನ ಎದುರಾಳಿಗಳು ಧೈರ್ಯ ಮಾಡುವುದಿಲ್ಲ. ಒಂದು ಕ್ಷಿಪಣಿ ಕೆಟ್ಟರೂ ಉಳಿದವು ಇವೆ, ನೂರಾರು ಯಶಸ್ಸಿನ ದಾಖಲೆ ಇದೆ. ನೌಕೆಯಿಂದ ಕೆಲವೇ ಪರೀಕ್ಷೆ ಕಂಡ ಕೆ-4ಕ್ಕೆ ಆ ದಾಖಲೆ ಇನ್ನೂ ಆಗಬೇಕಷ್ಟೇ. ನಾಲ್ಕೇ ಕೊಳವೆಗಳಿರುವ ನೌಕೆಯಲ್ಲಿ ಒಂದು ವೈಫಲ್ಯವೆಂದರೆ ಕಾಲು ಭಾಗದ ನಷ್ಟ. ಇದೇ ಸರಣಿಯ ಮುಂದಿನ ನೌಕೆಗಳಲ್ಲಿ ಕೊಳವೆಗಳ ಸಂಖ್ಯೆಯನ್ನು 8ಕ್ಕೆ ಏರಿಸಿರುವುದು ಈ ಲೆಕ್ಕಕ್ಕೆ ಸರಿಹೊಂದುತ್ತದೆ.